ಒಂಬತ್ತು ಗಜದ ಸೀರೆಗೆ ಒಂಬತ್ತು ಮೀಟರ್ ಅಂತ ಬರೆದಾಗ

“ಆನ್‌ಲೈನ್‌ನಲ್ಲಿ ಹಾಕಿದ ಸೀರೆಯ ಅಳತೆ ತಪ್ಪಾಗಿದೆ. ಆಗಲೇ ಆರ್ಡರ್ ಬರ್ತಾ ಇವೆ. ಸುಮ್ನೆ ತಿದ್ದಿಬಿಟ್ಟರೆ ಸಾಕಾ?”

ಸಾಲದು. ಮೊದಲು ಆ ಸೀರೆಯ ಸ್ಟಾಕ್ ಸೊನ್ನೆ ಮಾಡಿ, ಹೊಸ ಆರ್ಡರ್ ನಿಲ್ಲುತ್ತದೆ. ಲಿಸ್ಟಿಂಗ್ ಅಳಿಸಬೇಡಿ. ದುಡ್ಡು ಕೊಟ್ಟವರು ತೆರೆದು ನೋಡಿದಾಗ ಪುಟವೇ ಇಲ್ಲ ಅಂದರೆ ಗಾಬರಿಯಾಗುತ್ತಾರೆ. ಹಳೆಯ ಪುಟದ ಸ್ಕ್ರೀನ್‌ಶಾಟ್ ತೆಗೆದು, ಎಷ್ಟು ಹೊತ್ತಿಗೆ ತಿದ್ದಿದಿರಿ ಅಂತ ಬರೆದಿಟ್ಟುಕೊಳ್ಳಿ. ಯಾರು ಯಾವ ಅಳತೆ ನೋಡಿ ಕೊಂಡರು ಅಂತ ಆಮೇಲೆ ಅದರಿಂದಲೇ ಗೊತ್ತಾಗೋದು.

ನಮ್ಮದು ಇಳಕಲ್, ಸೀರೆ ವ್ಯಾಪಾರ. ಕಚ್ಚೆ ಹಾಕಿ ಉಡುವ ಹದಿನೆಂಟು ಮೊಳದ ಸೀರೆ, ಅಂದರೆ ಒಂಬತ್ತು ಗಜದ್ದು. ಅದಕ್ಕೆ ನಾನು 9 ಮೀಟರ್ ಅಂತ ಹಾಕಿಬಿಟ್ಟಿದ್ದೆ. ಒಂದು ಗಜ 0.9144 ಮೀಟರ್. ಒಂಬತ್ತು ಗಜಕ್ಕೆ 8.23 ಮೀಟರ್ ಆಗುತ್ತದೆ, 77 ಸೆಂಟಿಮೀಟರ್ ಕಡಿಮೆ. ಗೊತ್ತಾಗುವಷ್ಟರಲ್ಲಿ ಏಳು ಆರ್ಡರ್ ಬಂದಿದ್ದವು.

ವಿವರಣೆ ತಿದ್ದಿ ಮತ್ತೆ ಮಾರಾಟಕ್ಕೆ ಬಿಟ್ಟೆ. ಆ ರಾತ್ರಿ ಇನ್ನೆರಡು ಆರ್ಡರ್ ಬಂದವು, ಅದೇ ತಪ್ಪು ಅಳತೆಗೆ! ಮೊದಲ ಫೋಟೋದ ಮೇಲೆ ‘9 ಮೀಟರ್’ ಅಂತ ದೊಡ್ಡದಾಗಿ ಬರೆದದ್ದು ಹಾಗೇ ಉಳಿದಿತ್ತು. ವಾಟ್ಸಾಪ್ ಕ್ಯಾಟಲಾಗ್‌ನಲ್ಲೂ ಇತ್ತು. ಹೆಸರು, ವಿವರಣೆ, ಅಳತೆಯ ಕಾಲಂ, ಫೋಟೋ ಎಲ್ಲ ನೋಡಿ. ಆಮೇಲೆ ಬೇರೆಯವರ ಫೋನಿನಲ್ಲಿ ತೆರೆದು ನೋಡಿ, ಆಗಲೇ ಸ್ಟಾಕ್ ಬಿಡಿ. ಹೊಸ ಅಳತೆಯನ್ನೂ ಲೆಕ್ಕ ಹಾಕಿ ಬರೆಯಬೇಡಿ. ಕೈಮಗ್ಗದ ಸೀರೆ ಒಂದರಂತೆ ಒಂದು ಇರಲ್ಲ. ನಾನು ನಾಲ್ಕೈದು ಸೀರೆ ಬಿಚ್ಚಿ ಟೇಪ್ ಹಿಡಿದೆ, ಎಲ್ಲಕ್ಕಿಂತ ಕಡಿಮೆ ಬಂದದ್ದು 8.18. ಅದನ್ನೇ ಹಾಕಿದೆ.

ಈಗ ಆಗಲೇ ಬಂದ ಆರ್ಡರ್‌ಗಳು. ಪ್ಯಾಕ್ ಆಗದವನ್ನು ತಡೆದು ಹೀಗೆ ಬರೆದೆ: “ಸೀರೆ 9 ಮೀಟರ್ ಅಂತ ತಪ್ಪಾಗಿ ಹಾಕಿದ್ದೆ, ಇರೋದು 8.18 ಮೀಟರ್. ಕಳಿಸಲಾ? ಬೇಡ ಅಂದರೆ ಪೂರ್ತಿ ಹಣ ವಾಪಸ್.” ಉತ್ತರ ಬರುವ ತನಕ ಕಳಿಸಲಿಲ್ಲ. ಆಗಲೇ ಕೊರಿಯರ್‌ಗೆ ಹೋಗಿದ್ದ ಮೂರಕ್ಕೂ ಇದನ್ನೇ ತಿಳಿಸಿ, ವಾಪಸ್ ಕಳಿಸುವ ಖರ್ಚು ನಮ್ಮದೇ ಅಂದೆ. ಜಾಸ್ತಿ ಜನ ಒಪ್ಪಿದರು. ಧಾರವಾಡದ ಒಬ್ಬ ಅಕ್ಕ ಮಾತ್ರ ಬೇಡ ಅಂದರು. ಮಿಕ್ಕ ಮುಕ್ಕಾಲು ಮೀಟರ್‌ನಲ್ಲಿ ರವಿಕೆ ಹೊಲಿಸಬೇಕು ಅಂತಲೇ ಅವರು ಕೊಂಡಿದ್ದು. ನನ್ನ ಕಣ್ಣಿಗೆ ಸಣ್ಣದಾದ ತಪ್ಪು ಅವರಿಗೆ ಒಂದು ರವಿಕೆ, ಅಲ್ವಾ?

‘ಇಳಕಲ್ ಸೀರೆ ಅಂದರೆ ಇಷ್ಟೇ ಉದ್ದ’ ಅಂತ ವಾದಿಸಲು ಹೋಗಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಹೇಳಿದ ಹಾಗೆ ಇಲ್ಲದ ಮಾಲನ್ನು ಮಾರಿದವರು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ಆರ್ಡರ್‌ಗಳನ್ನು ನೀವೇ ಒಟ್ಟಿಗೆ ರದ್ದು ಮಾಡಲೂ ಹೋಗಬೇಡಿ. ಒಬ್ಬೊಬ್ಬರನ್ನೇ ಕೇಳಿ. ಕಡಿಮೆ ಉದ್ದ ಸಾಕು ಅನ್ನುವವರೂ ಅದರಲ್ಲಿ ಇರುತ್ತಾರೆ.