ಬೋರ್ಡಿನಲ್ಲಿ ಒಂದು ಹೆಸರು, ಮೊಬೈಲಿನಲ್ಲಿ ಇನ್ನೊಂದು: ಪಿನ್ ಒತ್ತಬಹುದಾ?

ಪ್ರಶ್ನೆ: ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಒಂದು ಅಂಗಡಿಯಲ್ಲಿ ಅರ್ಧ ಕೆ.ಜಿ. ಕಾಫಿ ಪುಡಿ ತಗೊಂಡೆ. ಕೌಂಟರ್ ಮೇಲಿದ್ದ ಕೋಡ್ ಸ್ಕ್ಯಾನ್ ಮಾಡಿದರೆ ಅಂಗಡಿ ಹೆಸರು ಬರಲಿಲ್ಲ, ಯಾರೋ ಹೆಂಗಸಿನ ಹೆಸರು ಬಂತು. ಹಿಂದೆ ಜನ ಕಾಯ್ತಾ ಇದ್ದರು ಅಂತ ಸುಮ್ನೆ ಪಿನ್ ಒತ್ತಿಬಿಟ್ಟೆ. ಇಂಥ ಕಡೆ ಏನು ನೋಡಿ ಹಣ ಕಳಿಸಬೇಕು?

ಉತ್ತರ: ಆ ಹೆಸರು ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ಅಂಗಡಿಯಲ್ಲಿ ಅಂಟಿಸಿರುವ ಯುಪಿಐ ಕೋಡ್‌ನ ಒಳಗೆ ಇರುವುದು ಒಂದೇ ಒಂದು ಸಾಲು. ಹೆಚ್ಚುಕಡಿಮೆ ಹೀಗಿರುತ್ತದೆ:

```
upi://pay?pa=angadi@bank&pn=Coffee%20Angadi&cu=INR
```

ಇದರಲ್ಲಿ `pa` ಅನ್ನುವುದರ ಮುಂದೆ ಇರುವುದು ಯುಪಿಐ ಐಡಿ. ಹಣ ಹೋಗುವುದು ಅಲ್ಲಿಗೇ. `pn` ಮುಂದೆ ಇರುವುದು ಹೆಸರು. ಈ ಹೆಸರಿನ ಜಾಗದಲ್ಲಿ ಕೋಡ್ ತಯಾರಿಸಿದವರು ಏನು ಬೇಕಾದರೂ ಬರೆಯಬಹುದು. ಕಳ್ಳನೊಬ್ಬ ತನ್ನ ಐಡಿ ಹಾಕಿ, ಹೆಸರಿನ ಕಡೆ ನಿಮ್ಮ ಕಾಫಿ ಅಂಗಡಿಯ ಹೆಸರನ್ನೇ ಬರೆದರೂ ಕೋಡ್ ಕೆಲಸ ಮಾಡುತ್ತದೆ. ಅದಕ್ಕೇ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಏಪ್ರಿಲ್‌ನಲ್ಲಿ ಎಲ್ಲ ಆ್ಯಪ್‌ಗಳಿಗೂ ಒಂದು ಸೂಚನೆ ಕೊಟ್ಟಿತು. ಕೋಡ್‌ನಲ್ಲಿ ಬರೆದಿರುವ ಹೆಸರು ತೋರಿಸಬೇಡಿ, ಹಣ ಯಾರಿಗೆ ಸೇರುತ್ತದೋ ಅವರ ಹೆಸರನ್ನು ಬ್ಯಾಂಕಿನಿಂದಲೇ ಕೇಳಿ ತೋರಿಸಿ ಅಂತ. ಆ ವರ್ಷದ ಜೂನ್ 30ರೊಳಗೆ ಇದು ಜಾರಿಗೆ ಬರಬೇಕಿತ್ತು. ಕೆಲವು ಆ್ಯಪ್‌ಗಳಲ್ಲಿ ಹೆಸರಿನ ಹತ್ತಿರ Banking name ಅಂತ ಕಾಣುವುದು ಇದೇ.

ಅಂದರೆ ನಿಮಗೆ ಕಂಡ ಹೆಂಗಸಿನ ಹೆಸರು ಬ್ಯಾಂಕು ಹೇಳಿದ ಹೆಸರು. ನಮ್ಮ ಕಡೆ ಎಷ್ಟೋ ಅಂಗಡಿಗಳ ಕೋಡ್ ಮಾಲೀಕರ ಹೆಂಡತಿಯ ಖಾತೆಗೋ, ತಾಯಿಯ ಖಾತೆಗೋ ಜೋಡಣೆಯಾಗಿರುತ್ತದೆ. ಬೋರ್ಡಿನ ಹೆಸರು ಬರಲಿಲ್ಲ ಅಂದ ಮಾತ್ರಕ್ಕೆ ಅದು ಮೋಸ ಅಲ್ಲ. ಆದರೆ ಆ ಹೆಂಗಸು ಈ ಅಂಗಡಿಯವರಾ ಅನ್ನುವುದು ಬ್ಯಾಂಕಿಗೂ ಗೊತ್ತಿಲ್ಲ, ಮೊಬೈಲಿಗೂ ಗೊತ್ತಿಲ್ಲ. ಗೊತ್ತಿರುವುದು ಕೌಂಟರ್ ಹಿಂದೆ ನಿಂತವರಿಗೆ ಮಾತ್ರ. ಅವರನ್ನೇ ಕೇಳಬೇಕು.

ಹೇಗೆ ಕೇಳುತ್ತೀರಿ ಅನ್ನುವುದೂ ಮುಖ್ಯ. ನನಗೆ ಇದು ಅರ್ಥವಾಗಿದ್ದು ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ. ಅಕ್ಕಪಕ್ಕದ ಎರಡು ತರಕಾರಿ ಅಂಗಡಿ, ನಡುವೆ ಒಂದು ಕಂಬ, ಕಂಬಕ್ಕೆ ಒಂದು ಕೋಡ್ ತೂಗುಹಾಕಿದ್ದರು. ಸ್ಕ್ಯಾನ್ ಮಾಡಿ, "ಮಂಜುನಾಥ್ ಅಂತ ಬರ್ತಿದೆ, ನಿಮ್ದೇ ಅಲ್ವಾ?" ಅಂದೆ. ಬೀನ್ಸ್ ತೂಗುತ್ತಿದ್ದವರು ತಲೆ ಎತ್ತದೆ "ಹೂಂ" ಅಂದರು. 180 ರೂಪಾಯಿ ಕಳಿಸಿದೆ. ಹಣ ಬಂತು ಅಂತ ಕೂಗಿದ್ದು ಪಕ್ಕದ ಅಂಗಡಿಯ ಸ್ಪೀಕರ್ ಡಬ್ಬಿ! ಪಕ್ಕದವರು ಒಳ್ಳೆಯವರು, ಆ ಹಣವನ್ನು ಅಲ್ಲೇ ಇವರಿಗೆ ಕೊಟ್ಟರು. ಹೆಸರನ್ನು ನಾನೇ ಹೇಳಿಕೊಟ್ಟಿದ್ದರಿಂದ, ಕೈತುಂಬ ಕೆಲಸ ಇದ್ದ ಅವರು ಹೂಂಗುಟ್ಟಿದ್ದರು.

ಅವತ್ತಿನಿಂದ ನಾನು ಹೆಸರು ಹೇಳುವುದಿಲ್ಲ. "ಅಣ್ಣಾ, ಸ್ಕ್ಯಾನ್ ಮಾಡಿದ್ರೆ ಯಾರ ಹೆಸರು ಬರಬೇಕು?" ಅಂತ ಕೇಳುತ್ತೇನೆ. "ನಮ್ಮ ಮನೆಯವರದ್ದು, ಸಾವಿತ್ರಿ ಅಂತ" ಅಂದರೆ, ಪರದೆಯಲ್ಲೂ ಸಾವಿತ್ರಿ ಇದ್ದರೆ, ಮುಂದೆ ಹೋಗುತ್ತೇನೆ. ಮಂಜುನಾಥ್, ರವಿ, ಲಕ್ಷ್ಮಿ ಥರದ ಹೆಸರು ಊರಿಗೆ ನೂರು ಜನಕ್ಕೆ ಇರುತ್ತದೆ. ಆಗ ಇನಿಷಿಯಲ್ಲನ್ನೂ ಎರಡನೇ ಪದವನ್ನೂ ಸೇರಿಸಿ ನೋಡಿ.

ಇನ್ನು ನಿಜವಾದ ಮೋಸದ ವಿಷಯ. ಸಾಮಾನ್ಯವಾಗಿ ಮಾಡುವುದು ಏನು ಅಂದರೆ, ಅಂಗಡಿಯ ಕೋಡ್ ಮೇಲೆ ಅದೇ ಅಳತೆಯ ಬೇರೆ ಕೋಡ್ ಅಂಟಿಸಿ ಹೋಗುತ್ತಾರೆ. ಇದನ್ನು ಪತ್ತೆ ಮಾಡಲು ಹೆಸರಿನ ಜೊತೆ ಇನ್ನೊಂದು ದಾರಿ ಇದೆ. ಕೌಂಟರ್ ಮೇಲೆ ಇಡುವ ಎಷ್ಟೋ ಸ್ಟ್ಯಾಂಡ್‌ಗಳಲ್ಲಿ ಕೋಡ್‌ನ ಕೆಳಗೆ ಯುಪಿಐ ಐಡಿಯನ್ನೂ ಸಣ್ಣಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಸ್ಕ್ಯಾನ್ ಮಾಡಿದಾಗ ಬಹಳಷ್ಟು ಆ್ಯಪ್‌ಗಳಲ್ಲಿ ಹೆಸರಿನ ಕೆಳಗೇ ಐಡಿಯೂ ಕಾಣುತ್ತದೆ. ಕಾಣದಿದ್ದರೆ ಹೆಸರಿನ ಮೇಲೆ ಒಮ್ಮೆ ಒತ್ತಿ ನೋಡಿ. ಎರಡನ್ನೂ ತಾಳೆ ನೋಡಿ. ಪೂರ್ತಿ ಓದಬೇಕಿಲ್ಲ. `@` ಗುರುತಿನ ಹಿಂದಿನ ನಾಲ್ಕು ಅಕ್ಷರ ಮತ್ತು ಮುಂದಿನ ಭಾಗ ಒಂದೇ ಇದ್ದರೆ ಸಾಕು. ಕಳ್ಳ ಕೋಡ್‌ನ ಚೌಕವನ್ನಷ್ಟೇ ಮುಚ್ಚಿದ್ದರೆ ಕೆಳಗಿನ ಐಡಿ ಹಳೆಯದೇ ಉಳಿದಿರುತ್ತದೆ. ಆಗ ಎರಡೂ ಹೊಂದುವುದಿಲ್ಲ, ಸಿಕ್ಕಿಬೀಳುತ್ತದೆ. ಪೂರ್ತಿ ಹಾಳೆಯನ್ನೇ ಬದಲಿಸಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗಲೂ ಕಳ್ಳನ ಖಾತೆಯ ಹೆಸರು ಅಂಗಡಿಯವರು ಹೇಳುವ ಹೆಸರಿಗೆ ಕೂಡಿಬರುವುದು ಕಷ್ಟ. ಅದಕ್ಕೇ ನಾನು ಕೇಳುವುದನ್ನು ಮೊದಲು ಇಟ್ಟಿದ್ದು.

ಹೆಸರಿನ ಪಕ್ಕ ಟಿಕ್ ಗುರುತು ಇಲ್ಲ ಅಂತ ಹೆದರಬೇಡಿ. ಸ್ವಂತ ಉಳಿತಾಯ ಖಾತೆಯ ಕೋಡ್ ಇಟ್ಟುಕೊಂಡ ಎಳನೀರಿನವರಿಗೆ, ಹೂವಿನವರಿಗೆ ಅದು ಇರುವುದಿಲ್ಲ.

ಮೊತ್ತದ ಬಗ್ಗೆ ಒಂದು ಮಾತು. ಗೋಡೆಗೆ ಅಂಟಿಸಿದ ಕೋಡ್‌ನಲ್ಲಿ ಸಾಮಾನ್ಯವಾಗಿ ಮೊತ್ತ ಇರುವುದಿಲ್ಲ, ನೀವೇ ಹಾಕಬೇಕು. ಮೊತ್ತ ತಾನಾಗೇ ತುಂಬಿಕೊಂಡು ಬಂದರೆ ಆ ಕೋಡ್‌ನ ಸಾಲಿನಲ್ಲಿ `am` ಅಂತ ಇನ್ನೊಂದು ಭಾಗ ಸೇರಿಸಿದ್ದಾರೆ ಅಂತ ಅರ್ಥ. ಬಿಲ್ಲಿನ ಜೊತೆ ಅವರೇ ಆಗ ತಾನೇ ತೋರಿಸಿದ ಕೋಡ್ ಆದರೆ ಸರಿ. ಹಳೆಯ ಸ್ಟಿಕ್ಕರ್ ಆದರೆ ನಿಲ್ಲಿಸಿ, ಕೇಳಿ. ಸ್ಕ್ಯಾನ್ ಮಾಡಿದ ಕೂಡಲೇ ಹೆಸರಿನ ಬದಲು ಯಾವುದೋ ವೆಬ್‌ಸೈಟ್ ತೆರೆದರೆ ಅಥವಾ ಏನಾದರೂ ಡೌನ್‌ಲೋಡ್ ಮಾಡಿ ಅಂದರೆ, ಅದು ಹಣ ಕೊಡುವ ಕೋಡೇ ಅಲ್ಲ. ಹಿಂದೆ ಬನ್ನಿ.

ಪಿನ್ ಹಾಕುವ ಪುಟದ ಮೇಲ್ಗಡೆಯೂ ಹೆಸರು ಮತ್ತು ಮೊತ್ತ ಮತ್ತೊಮ್ಮೆ ಬರುತ್ತದೆ. 360ರ ಬದಲು 3,600 ಒತ್ತಿದ್ದರೆ ಅಲ್ಲಿ ಕಣ್ಣಿಗೆ ಬೀಳುತ್ತದೆ. ಆದರೆ ನೀವು ಯುಪಿಐ ಲೈಟ್ ಬಳಸುತ್ತಿದ್ದರೆ 1,000 ರೂಪಾಯಿವರೆಗೆ ಪಿನ್ ಕೇಳುವುದೇ ಇಲ್ಲ. ಆ ಎರಡನೇ ಅವಕಾಶ ಸಿಗುವುದಿಲ್ಲ. ಸಣ್ಣ ಅಂಗಡಿಗಳಲ್ಲಿ ಲೈಟ್ ಬಳಸುವವರು ಹೆಸರು ಕಂಡ ಪುಟದಲ್ಲೇ ನಿಂತು ನೋಡಬೇಕು. ಹಣ ಒಮ್ಮೆ ಹೋದರೆ ಅದನ್ನು ವಾಪಸ್ ಎಳೆದುಕೊಳ್ಳುವ ಬಟನ್ ಯುಪಿಐನಲ್ಲಿ ಇಲ್ಲ.

ಈಗ ನೀವು ಕಳಿಸಿದ ಹಣದ ವಿಷಯ. ಅಂಗಡಿಯ ಡಬ್ಬಿ ನಿಮ್ಮ ಮೊತ್ತವನ್ನು ಕೂಗಿದ್ದರೆ, ಅಥವಾ ಅಂಗಡಿಯವರು ತಮ್ಮ ಮೊಬೈಲ್ ನೋಡಿ ಬಂತು ಅಂದಿದ್ದರೆ, ಹಣ ಅವರಿಗೇ ಸೇರಿದೆ. ಅದು ನೆನಪಿಲ್ಲ ಅಂದರೆ ಆ್ಯಪ್‌ನಲ್ಲಿ ಆ ಪಾವತಿಯನ್ನು ತೆರೆಯಿರಿ. ಅಲ್ಲಿ ಹೆಸರಿನ ಜೊತೆ UTR ಅಂತ 12 ಅಂಕಿಯ ಸಂಖ್ಯೆ ಇರುತ್ತದೆ. ಅಂಗಡಿಗೆ ಹೋಗಿ ಮೊದಲು ಯಾರ ಹೆಸರು ಬರಬೇಕು ಅಂತ ಕೇಳಿ, ಆಮೇಲೆ ಪರದೆ ತೋರಿಸಿ. ಹೆಸರು ಅವರದ್ದಲ್ಲ ಅಂತಾದರೆ ಆ ಸ್ಟಿಕ್ಕರ್ ಅನ್ನು ಅವರು ತಕ್ಷಣ ಕಿತ್ತು ಹಾಕಬೇಕು, ಯಾಕೆಂದರೆ ಬಂದವರೆಲ್ಲರ ಹಣ ಬೇರೆ ಕಡೆ ಹೋಗುತ್ತಿರುತ್ತದೆ. ನೀವು ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಆ 12 ಅಂಕಿ ಹೇಳಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಆ ಖಾತೆಯಿಂದ ಹಣ ತೆಗೆಯುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಅವಕಾಶ ಇರುತ್ತದೆ.