ಮುಖ ನೆನಪಿದೆ, ಹೆಸರು ಬರುತ್ತಿಲ್ಲ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ನನ್ನ ಬಳಿ ಸಲಹೆ ಕೇಳಿ ಬಂದವರು ಮಲೆನಾಡಿನ ಕಡೆಯವರು, ವಯಸ್ಸು ನಲವತ್ತರ ಆಸುಪಾಸು. ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಸಣ್ಣ ಘಟಕ ನಡೆಸುತ್ತಾರೆ. ಮೇಳವೊಂದರಲ್ಲಿ ಅಡುಗೆ ಗುತ್ತಿಗೆದಾರರೊಬ್ಬರು ಮಳಿಗೆಗೆ ಬಂದಾಗ ಇವರು ಬೇರೊಬ್ಬರ ಹೆಸರು ಹಿಡಿದು ಬರಮಾಡಿಕೊಂಡರು. ಆತ ನಕ್ಕು ತಿದ್ದಿದರೂ ಇವರಿಗೆ ಮುಖ ಎತ್ತಲಾಗಲಿಲ್ಲ. ಅಲ್ಲಿಂದೀಚೆಗೆ ಮೇಳಗಳಿಗೆ ತಮ್ಮನನ್ನು ಕಳಿಸುತ್ತಿದ್ದಾರೆ. ತಾಯಿಗೆ ಮರೆಗುಳಿ ಕಾಯಿಲೆ ಇತ್ತು. ತನಗೂ ಅದೇ ಶುರುವಾಯಿತು ಎಂಬುದು ಅವರ ನಿಜವಾದ ಭಯ.

ಆ ಗುತ್ತಿಗೆದಾರರ ಬಗ್ಗೆ ಬೇರೇನು ನೆನಪಿದೆ ಎಂದು ಕೇಳಿದೆ. ಹತ್ತು ಇಂಚಿನ ತಟ್ಟೆ ಕೇಳಿದ್ದರು, ಸಾರು ಹಾಕಿದರೆ ಅಂಚಿನಿಂದ ಸೋರುತ್ತದೆ ಎಂದು ದೂರಿದ್ದರು, ಮಗಳ ಮದುವೆ ಮಾಘದಲ್ಲಿ ಎಂದಿದ್ದರು. ಒಂದು ವರ್ಷದ ಹಿಂದಿನ ಮಾತು ಇಷ್ಟು ಚೊಕ್ಕವಾಗಿ ಉಳಿದಿದೆ. ಹೋಗಿರುವುದು ಹೆಸರೊಂದೇ. 1987ರಲ್ಲಿ ಬ್ರಿಟನ್ನಿನ ಸಂಶೋಧಕರು ಅಪರಿಚಿತ ಮುಖಗಳ ಜೊತೆ ಅವರ ಹೆಸರು, ಕಸುಬುಗಳನ್ನು ಕಲಿಸಿ ನೋಡಿದ್ದರು. ಇಂಗ್ಲಿಷಿನಲ್ಲಿ ಹೆಸರೂ ಕಸುಬೂ ಆಗಬಲ್ಲ ಒಂದೇ ಪದವನ್ನು ಕಸುಬೆಂದು ಹೇಳಿದಾಗ ಜನರಿಗೆ ನೆನಪಿನಲ್ಲಿ ಉಳಿಯುತ್ತಿತ್ತು, ಹೆಸರೆಂದು ಹೇಳಿದಾಗ ಜಾರುತ್ತಿತ್ತು. ಕಸುಬಿಗೆ ಕೈ, ಜಾಗ, ವಾಸನೆ ಎಲ್ಲವೂ ಅಂಟಿಕೊಂಡಿರುತ್ತವೆ. ಹೆಸರಿಗೆ ಅಂಥ ಆಸರೆ ಇಲ್ಲ.

ಪರಿಚಯವಾಗುವ ಆ ಗಳಿಗೆಯಲ್ಲಿ ನೀವೇನು ಮಾಡುತ್ತಿರುತ್ತೀರಿ ಎಂದು ಮತ್ತೆ ಕೇಳಿದೆ. ಸ್ವಲ್ಪ ಯೋಚಿಸಿ, "ನಾನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿರುತ್ತೇನೆ ಮೇಡಂ" ಎಂದರು. ಗಂಟು ಇದ್ದದ್ದು ಅಲ್ಲಿ. ಸಾಲಾಗಿ ಕೂತು ಒಬ್ಬೊಬ್ಬರೇ ಮಾತನಾಡುವಾಗ ನಮ್ಮ ಸರದಿಗೆ ಸ್ವಲ್ಪ ಮೊದಲು ಕೇಳಿದ್ದು ತಲೆಗೆ ಹತ್ತುವುದಿಲ್ಲ ಎಂಬುದು 1973ರಷ್ಟು ಹಿಂದೆಯೇ ಪ್ರಯೋಗದಲ್ಲಿ ಕಂಡ ಸಂಗತಿ. ಇವರು ಹೆಸರನ್ನು ಮರೆತಿರಲೇ ಇಲ್ಲ; ಅದು ಒಳಗೆ ಹೋಗಿಯೇ ಇರಲಿಲ್ಲ.

ಹಾಗಾಗಿ ಮೊದಲ ಸಲಹೆ: ತಮ್ಮ ಪರಿಚಯದ ಎರಡು ವಾಕ್ಯಗಳನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಹೋಗಬೇಕು. ಆಗ ಎದುರಿನವರು ಹೆಸರು ಹೇಳುವಾಗ ಕಿವಿ ಖಾಲಿ ಇರುತ್ತದೆ. ಕೇಳಿಸದಿದ್ದರೆ ಅಲ್ಲೇ ಮತ್ತೆ ಕೇಳಬೇಕು. ಅರ್ಧ ಗಂಟೆಯ ನಂತರ ಕೇಳುವುದು ಮುಜುಗರ, ಆಗಲೇ ಕೇಳುವುದು ಮರ್ಯಾದೆ. ಬೀಳ್ಕೊಡುವಾಗ ಒಮ್ಮೆ ಹೆಸರು ಹಿಡಿದು ಮಾತನಾಡಿಸಿದರೆ ಸಾಕು. ಪ್ರತಿ ವಾಕ್ಯಕ್ಕೂ ಹೆಸರು ತುರುಕುವ ಮಾರಾಟ ತರಬೇತಿಯ ಚಾಳಿ ನನಗೆ ಹಿಡಿಸುವುದಿಲ್ಲ. ನಮ್ಮ ಕಡೆ ಹಿರಿಯರಿಗೆ ಅದು ಉದ್ಧಟತನವಾಗಿಯೂ ಕೇಳಿಸುತ್ತದೆ.

ಎರಡನೆಯದು ಟಿಪ್ಪಣಿ. ಇವರ ಮೇಜಿನ ಖಾನೆಯಲ್ಲಿ ವಿಸಿಟಿಂಗ್ ಕಾರ್ಡುಗಳ ಕಂತೆಯೇ ಇತ್ತು, ಯಾವುದು ಯಾರದೆಂದು ತಿಳಿಯದು. ಮೂರ್ನಾಲ್ಕು ಜನ ಬಂದುಹೋದ ಮೇಲೆ ಮಳಿಗೆಯ ಹಿಂದೆ ಸರಿದು ಒಬ್ಬೊಬ್ಬರಿಗೆ ಎರಡು ಮೂರು ಪದ ಗೀಚಿಕೊಳ್ಳಿ, ರಾತ್ರಿ ಮಲಗುವ ಮುನ್ನ ಅದನ್ನು ಬಿಡಿಸಿ ಬರೆಯಿರಿ ಎಂದೆ. ಬಂದವರನ್ನೆಲ್ಲ ಬರೆಯುವುದು ಬೇಡ, ಮತ್ತೆ ಮಾತನಾಡಬೇಕಾದವರಷ್ಟೇ. ಮುಂದಿನ ಭೇಟಿಗೆ ಅವರು ತಂದ ಒಂದು ಪುಟ ಹೀಗಿತ್ತು (ಹೆಸರಿನ ಜಾಗವನ್ನು ನಾನು ಖಾಲಿ ಬಿಟ್ಟಿದ್ದೇನೆ):

"——. ಎಲ್ಲರೂ 'ಅಕ್ಕ' ಎನ್ನುತ್ತಾರೆ. ಹಾಸನ, ಮಹಿಳಾ ಸಂಘ. ಪಕ್ಕದ ಜೇನಿನ ಮಳಿಗೆಯವರು ಕರೆತಂದರು. 'ತಟ್ಟೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ' ಎಂದರು. ನಾನು ಒಪ್ಪಿಕೊಂಡದ್ದು: ಚೆನ್ನಾಗಿ ಒಣಗಿಸಿದ ಹನ್ನೆರಡು ತಟ್ಟೆ, ಸೋಮವಾರದೊಳಗೆ ಕೊರಿಯರ್."

ಇದಕ್ಕಿಂತ ಹೆಚ್ಚು ಬೇಕಿಲ್ಲ. ಯಾರ ಮೂಲಕ ಪರಿಚಯ ಎಂಬುದು ಹೆಸರಿಗೆ ಹಗ್ಗವಾಗುತ್ತದೆ. ಅವರದೇ ಮಾತನ್ನು ಹಾಗೆಯೇ ಬರೆದುಕೊಂಡರೆ ಮುಂದಿನ ಸಲ ಮಾತು ಅಲ್ಲಿಂದಲೇ ಶುರುವಾಗಬಹುದು. ಕೊಟ್ಟ ಮಾತು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಹೆಸರು ಮರೆತವರನ್ನು ಜನ ಕ್ಷಮಿಸುತ್ತಾರೆ, ತಟ್ಟೆ ಕಳಿಸದವರನ್ನು ಕ್ಷಮಿಸುವುದಿಲ್ಲ. ಇನ್ನೊಂದು ಪುಟದಲ್ಲಿ "ಬೋಳುತಲೆ, ಗಂಡ ಹೆಂಡತಿಗೆ ಸರಿಯಿಲ್ಲ" ಎಂದಿತ್ತು. ಅದನ್ನು ಅವರ ಕೈಯಲ್ಲೇ ಹೊಡೆದು ಹಾಕಿಸಿದೆ. ಆ ವ್ಯಕ್ತಿ ಪುಟವನ್ನು ಓದಿದರೆ ನಿಮಗೆ ನಾಚಿಕೆಯಾಗಬಾರದು, ಅಷ್ಟೇ ಅಳತೆ. ಜಾತಿ, ಕಾಯಿಲೆ, ಪಕ್ಕದವರಿಂದ ಕೇಳಿದ ಸುದ್ದಿ ಇವುಗಳಿಗೆ ಅಲ್ಲಿ ಜಾಗವಿಲ್ಲ.

ಬರೆದಿಟ್ಟು ಮುಚ್ಚಿದರೆ ಅದು ಕಡತ, ನೆನಪಲ್ಲ. ಹೆಸರನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ, ಹೆಸರನ್ನು ತಾವೇ ಹೊರಡಿಸಲು ಯತ್ನಿಸಬೇಕು: ಮರುದಿನ ಬೆಳಿಗ್ಗೆ, ಮೂರು ನಾಲ್ಕು ದಿನ ಬಿಟ್ಟು, ಮತ್ತೆ ಒಂದು ವಾರಕ್ಕೆ, ಹೀಗೆ ಅಂತರ ಹಿಗ್ಗಿಸುತ್ತಾ. ಬರದಿದ್ದರೆ ಬೆರಳು ತೆಗೆದು ನೋಡಿಕೊಳ್ಳಬಹುದು. ಮುಂದಿನ ಮೇಳದ ಹಿಂದಿನ ರಾತ್ರಿ ಇನ್ನೊಂದು ಸುತ್ತು.

ಇಷ್ಟಾದರೂ ಕೆಲವು ಹೆಸರು ಬರುವುದಿಲ್ಲ. ಅದಕ್ಕೊಂದು ವಾಕ್ಯ ಅಭ್ಯಾಸ ಮಾಡಿಸಿದೆ: "ಹತ್ತು ಇಂಚಿನ ತಟ್ಟೆಯ ವಿಷಯ ಮಾತನಾಡಿದ್ದೆವು, ನೆನಪಿದೆ. ಹೆಸರು ಮಾತ್ರ ಇನ್ನೊಮ್ಮೆ ಹೇಳಿ." ವಿವರವನ್ನು ಮೊದಲು ಹೇಳಿದರೆ ಎದುರಿನವರಿಗೆ ತಾನು ಲೆಕ್ಕಕ್ಕಿಲ್ಲದವನು ಅನ್ನಿಸುವುದಿಲ್ಲ.

ತಾಯಿಯ ಕಾಯಿಲೆಯ ಭಯವನ್ನು ನಾನು ಮಾತಿನಲ್ಲಿ ತೇಲಿಸಿಬಿಡಲಿಲ್ಲ. ಭೇಟಿಯೇ ನಡೆದದ್ದು ಮರೆತುಹೋದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ, ಗೊತ್ತಿರುವ ದಾರಿ ತಪ್ಪಿದರೆ, ಮನೆಯವರ ಹೆಸರೇ ತಡವರಿಸಿದರೆ ನರರೋಗ ತಜ್ಞರನ್ನು ಕಾಣಲೇಬೇಕು. ಇವರಲ್ಲಿ ಅಂಥದ್ದೇನೂ ಇಲ್ಲವೆಂದು ಹೆಂಡತಿಯೂ ಹೇಳಿದರು. ಆದರೂ ಮನಸ್ಸಿನ ಸಮಾಧಾನಕ್ಕೆ ಒಮ್ಮೆ ತಪಾಸಣೆ ಮಾಡಿಸಿಕೊಳ್ಳಲು ಚೀಟಿ ಬರೆದುಕೊಟ್ಟೆ. ಮುಂದಿನ ಮೇಳಕ್ಕೆ ತಮ್ಮನ ಜೊತೆ ತಾವೂ ಹೋಗುವುದಾಗಿ ಹೇಳಿದ್ದಾರೆ. ಪುಸ್ತಕ ಮಾತ್ರ ತಮ್ಮ ಕಿಸೆಯಲ್ಲೇ ಇರುತ್ತದಂತೆ.