ಸಿಡುಕು ತಗ್ಗಿದ್ದು ವಯಸ್ಸಿನಿಂದಲೇ?

"ನನಗೀಗ 38. ಮೊದಲಿನ ಸಿಡುಕು ಇಲ್ಲ, ಗದ್ದಲದ ಕೂಟಗಳೂ ಬೇಡವೆನಿಸುತ್ತವೆ. ಇದು ಖಿನ್ನತೆಯೇ?"

ಬಹುಶಃ ವಯಸ್ಸಿನೊಂದಿಗೆ ಬರುವ ಪಕ್ವತೆ. ಮನಶ್ಶಾಸ್ತ್ರಜ್ಞ ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 2006ರಲ್ಲಿ 92 ದೀರ್ಘಾವಧಿ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಶಿಸ್ತು ಮತ್ತು ಭಾವಸ್ಥಿರತೆ ವಿಶೇಷವಾಗಿ 20ರಿಂದ 40ರ ನಡುವೆ ಏರುವುದು ಕಂಡಿತು; ಜನರೊಡನೆ ಬೆರೆಯುವ ಹುಮ್ಮಸ್ಸು ತುಸು ಇಳಿಯಿತು. ಇದು ಸರಾಸರಿಯ ಲೆಕ್ಕ, ನಿಮ್ಮೊಬ್ಬರ ಬಗ್ಗೆ ಖಚಿತವಾಗಿ ಹೇಳಲಾರೆ.

ಮೊದಲು ವೇಗ ನೋಡಿ. ಸ್ವಭಾವ ಮಾಗುವುದು ವರ್ಷಗಳಲ್ಲಿ, ವಾರಗಳಲ್ಲಲ್ಲ. ಇಲ್ಲಿ ಸ್ವಂತ ನೆನಪು ಬಹಳ ಮೋಸಗಾರ, ಒಡಹುಟ್ಟಿದವರನ್ನು ಕೇಳಿ. ಆಮೇಲೆ, ಇಷ್ಟದ ಕೆಲಸಗಳು ಈಗಲೂ ಖುಷಿ ಕೊಡುತ್ತವೆಯೇ ಗಮನಿಸಿ. ಕೊಡುತ್ತಿದ್ದರೆ ಕೂಟಗಳನ್ನು ನಿಶ್ಚಿಂತೆಯಿಂದ ಬಿಡಿ. ಆ ಖುಷಿಯೂ ಬತ್ತಿ, ನಿದ್ರೆ ಅಥವಾ ಹಸಿವು ಎರಡು ವಾರ ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಿ.